ಹಿಡಿಕೆ ಪಟ್ಟಿಯ ಹೊಲಿಗೆ ಎಣಿಸಿ ನೋಡಿ

ಬೆಳಗಾವಿಯಲ್ಲಿ ಒಬ್ಬರು ಬ್ರ್ಯಾಂಡೆಡ್ ಲೆದರ್ ಬ್ಯಾಗ್ ಮಾರ್ತಿದ್ದಾರೆ. ಬರೀ ಫೋಟೋದಲ್ಲಿ ಹೊಲಿಗೆ ನೋಡಿ ಅಸಲಿಯೋ ನಕಲಿಯೋ ಹೇಳಬಹುದಾ?

ನಕಲಿ ಅಂತ ಎಷ್ಟೋ ಸಲ ಹೇಳಬಹುದು, ಅಸಲಿ ಅಂತ ಖಾತ್ರಿ ಕೊಡೋಕಾಗಲ್ಲ. ಹಿಡಿಕೆ ಬ್ಯಾಗಿಗೆ ಸೇರುವ ಚರ್ಮದ ಪಟ್ಟಿಯನ್ನು ಝೂಮ್ ಮಾಡಿ, ಎರಡೂ ಕಡೆ ಹೊಲಿಗೆ ಎಣಿಸಿ. ನನ್ನ ತಂಗಿ ಕಳಿಸಿದ ಒಂದು ಬ್ಯಾಗಿನ ಫೋಟೋದಲ್ಲಿ ಎಡಕ್ಕೆ 9, ಬಲಕ್ಕೆ 7 ಇತ್ತು. ಕಂಪನಿ ಸೈಟಿನಲ್ಲಿ ಅದೇ ಮಾಡೆಲ್‌ಗೆ ಎರಡೂ ಕಡೆ 9. ಬೇಗ ಮುಗಿಸೋಕೆ ಹೊಲಿಗೆ ಉದ್ದ ಹಾಕಿದಾಗ ಹೀಗಾಗುತ್ತದೆ. ದಾರ ಒಂದೆಡೆ ದಪ್ಪ, ಇನ್ನೊಂದೆಡೆ ತೆಳು ಕಂಡರೂ ಅನುಮಾನ ಪಡಿ.

ಆದರೆ ಕೈಹೊಲಿಗೆಯ ಬ್ಯಾಗಲ್ಲಿ ಹೊಲಿಗೆ ಸ್ವಲ್ಪ ಓರೆಯಾಗಿರುವುದು ಸಹಜ. ಅಥಣಿ ಚಪ್ಪಲಿ ನೋಡಿದ್ದೀರಲ್ವಾ, ಕೈಕೆಲಸ ಮಷಿನ್ನಿನಂತೆ ಇರಲ್ಲ. ವಾಟ್ಸಾಪ್ ಫೋಟೋ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.