ಅಪ್ಪನ ಹೆಸರಿನ ಜೊತೆ ನನ್ನ ಹೆಸರು: ಯಾವ ಷರತ್ತು ಬರೆಸಲಿ?

ಪ್ರಶ್ನೆ: ಅಪ್ಪನಿಗೆ 74. ಈ ಸಲ ಕಾಫಿ ಮಾರಿ ಬಂದ ಎಂಟು ಲಕ್ಷವನ್ನು ನಮ್ಮಿಬ್ಬರ ಹೆಸರಲ್ಲಿ ಇಡಬೇಕಂತೆ. ಅರ್ಜಿಯಲ್ಲಿ ‘ಈದರ್ ಆರ್ ಸರ್ವೈವರ್’, ‘ಫಾರ್ಮರ್ ಆರ್ ಸರ್ವೈವರ್’ ಅಂತ ಎರಡಿದೆ. ಯಾವುದಕ್ಕೆ ಗುರುತು ಹಾಕಲಿ? ಅಕ್ಕ ಒಬ್ಬಳಿದ್ದಾಳೆ, ಮದುವೆಯಾಗಿದೆ.

ಉತ್ತರ: ಅಷ್ಟೂ ಹಣವನ್ನು ಒಂದೇ ಕಡೆ ಇಡಬೇಡಿ. ತೋಟದ ಮತ್ತು ಮನೆಯ ಮೂರು ತಿಂಗಳ ಖರ್ಚಿಗೆ ಬೇಕಾದಷ್ಟನ್ನು ಉಳಿತಾಯ ಖಾತೆಯಲ್ಲಿ ‘ಈದರ್ ಆರ್ ಸರ್ವೈವರ್’ ಎಂದು ಇಡಿ. ಉಳಿದದ್ದು ಅಪ್ಪನ ಹೆಸರು ಮೊದಲು ಬರುವಂತೆ, ‘ಫಾರ್ಮರ್ ಆರ್ ಸರ್ವೈವರ್’ ಎಂದು ಎಫ್‌ಡಿಯಲ್ಲಿರಲಿ. ಆ ಎಫ್‌ಡಿಗೆ ಇನ್ನೊಂದು ಕಾಗದವೂ ಬೇಕು, ಅದನ್ನು ಮುಂದೆ ಹೇಳುತ್ತೇನೆ. ನಾನು ದಕ್ಷಿಣ ಕೊಡಗಿನ ಒಂದು ಶಾಖೆಯಲ್ಲಿ ವರ್ಷಗಟ್ಟಲೆ ಠೇವಣಿ ಕೌಂಟರಿನಲ್ಲಿ ಕೂತವನು. ಆದರೂ ಇದರ ಬಿಸಿ ನನಗೆ ಸರಿಯಾಗಿ ತಟ್ಟಿದ್ದು ನಮ್ಮ ದೊಡ್ಡಪ್ಪನ ಮನೆಯಲ್ಲಿ.

ಈದರ್ ಅಂದರೆ ಇಬ್ಬರಲ್ಲಿ ಯಾರು ಬೇಕಾದರೂ ಚೆಕ್ಕಿಗೆ ಸಹಿ ಹಾಕಬಹುದು, ಹಣ ತೆಗೆಯಬಹುದು. ಫಾರ್ಮರ್ ಅಂದರೆ ಮೊದಲ ಹೆಸರಿನವರು ಬದುಕಿರುವಷ್ಟು ದಿನ ಅವರೊಬ್ಬರದೇ ಅಧಿಕಾರ, ಎರಡನೆಯವರ ಸಹಿ ನಡೆಯುವುದು ಅವರ ಕಾಲಾನಂತರ. ಕೇಳಲು ಸುಲಭ. ತೊಡಕೆಲ್ಲ ಇರುವುದು ‘ಬದುಕಿರುವಷ್ಟು ದಿನ’ ಎನ್ನುವುದರಲ್ಲಿ.

ದೊಡ್ಡಪ್ಪ ಉಳಿತಾಯ ಖಾತೆ, ಎಫ್‌ಡಿ ಎರಡನ್ನೂ ಮಗಳ ಜೊತೆ ಫಾರ್ಮರ್ ಎಂದೇ ಬರೆಸಿದ್ದರು. ಜನವರಿಯಲ್ಲಿ, ರೋಬಸ್ಟಾ ಕೊಯ್ಲು ಭರದಿಂದ ಸಾಗಿದ್ದಾಗ, ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಆಡದು, ಮಾತಿಲ್ಲ. ಶನಿವಾರ ಲೈನ್ ಮನೆಯ ಕಾರ್ಮಿಕರಿಗೆ ಬಟವಾಡೆ ಆಗಬೇಕು, ಮೈಸೂರಿನ ಆಸ್ಪತ್ರೆಗೆ ಕಟ್ಟಬೇಕು. ಖಾತೆಯಲ್ಲಿ ಹಣವಿದೆ, ಪಾಸ್‌ಬುಕ್ಕಿನಲ್ಲಿ ಮಗಳ ಹೆಸರೂ ಇದೆ, ಆದರೆ ತೆಗೆಯುವ ಹಾಗಿಲ್ಲ. ಹಾಸಿಗೆ ಹಿಡಿದವರೂ ಬದುಕಿರುವವರೇ ತಾನೇ, ಬ್ಯಾಂಕು ಹೇಳಿದ್ದು ನಿಯಮವನ್ನೇ.

ಅದಕ್ಕೂ ದಾರಿಯಿದೆ, ಹೇಳುವವರು ಕಡಿಮೆ. ಸಹಿ ಹಾಕಲಾಗದ ರೋಗಿಯ ಹೆಬ್ಬೆಟ್ಟನ್ನು, ಕೈ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತನ್ನು, ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸಾಕ್ಷಿಗಳ ಮುಂದೆ ತೆಗೆದುಕೊಳ್ಳಬಹುದು. ಅವರಲ್ಲಿ ಒಬ್ಬರು ಜವಾಬ್ದಾರಿಯುತ ಬ್ಯಾಂಕ್ ಅಧಿಕಾರಿಯಾಗಿರಬೇಕು. ರಿಸರ್ವ್ ಬ್ಯಾಂಕಿನ ಸೂಚನೆಯಲ್ಲೇ ಇದು ಇದೆ. ಅಧಿಕಾರಿಯನ್ನು ಆಸ್ಪತ್ರೆಗೆ ಕರೆದೊಯ್ದು ಹಾಗೆ ಮಾಡಿಸುವಷ್ಟರಲ್ಲಿ ಎರಡು ಬಟವಾಡೆ ಸಾಲದಲ್ಲೇ ಆಯಿತು. ಖರ್ಚಿನ ಹಣವನ್ನು ಈದರ್‌ನಲ್ಲಿ ಇಡಿ ಎಂದದ್ದು ಇದಕ್ಕೇ.

ಮಾರ್ಚ್‌ನಲ್ಲಿ ದೊಡ್ಡಪ್ಪ ಹೋದರು. ಮರಣ ಪ್ರಮಾಣಪತ್ರ ಕೊಟ್ಟ ಮೇಲೆ ಉಳಿತಾಯ ಖಾತೆಯ ಹಣ ಮಗಳ ಕೈಗೆ ಬಂತು. ಎಫ್‌ಡಿಯ ಅವಧಿ ಮಾತ್ರ ಅಕ್ಟೋಬರ್‌ವರೆಗೆ ಇತ್ತು. ಅದನ್ನು ನಡುವೆಯೇ ಮುರಿಯಬೇಕೆಂದರೆ ದೊಡ್ಡಮ್ಮನ ಮತ್ತು ಇಬ್ಬರು ಅಣ್ಣಂದಿರ ಒಪ್ಪಿಗೆ ಬೇಕೆಂದರು. ಒಬ್ಬ ಅಣ್ಣ ಸೈನ್ಯದಲ್ಲಿ, ಗಡಿಯಲ್ಲಿದ್ದ. ಅವನ ಸಹಿ ಬರಲು ಆರು ವಾರ ಹಿಡಿಯಿತು.

ಬಹಳ ಜನ ಎಡವುವುದು ಇಲ್ಲೇ. ಈದರ್ ಆಗಲಿ ಫಾರ್ಮರ್ ಆಗಲಿ, ಎಫ್‌ಡಿಯ ಮಟ್ಟಿಗೆ ಆ ಷರತ್ತು ಅನ್ವಯಿಸುವುದು ಅವಧಿ ಮುಗಿದ ದಿನಕ್ಕೆ. ಅವಧಿಗೆ ಮೊದಲು ಮುರಿಯಲು, ಇಬ್ಬರೂ ಇದ್ದರೆ ಸಾಮಾನ್ಯವಾಗಿ ಇಬ್ಬರ ಸಹಿಯನ್ನೂ ಕೇಳುತ್ತಾರೆ. ಒಬ್ಬರು ಹೋಗಿದ್ದರೆ ಅವರ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಇದನ್ನು ತಪ್ಪಿಸುವುದೇ ನಾನು ಹೇಳಿದ ಆ ಕಾಗದ: ‘ನಮ್ಮಲ್ಲಿ ಒಬ್ಬರು ತೀರಿಕೊಂಡರೆ ಉಳಿದವರು ಅವಧಿಗೆ ಮೊದಲೇ ಹಣ ಪಡೆಯಬಹುದು’ ಎಂದು ಇಬ್ಬರೂ ಸಹಿ ಮಾಡಿ ಕೊಡುವ ಜಂಟಿ ಮ್ಯಾಂಡೇಟ್. ಠೇವಣಿ ಇಡುವಾಗಲೇ ಕೊಡಬಹುದು, ಮರೆತಿದ್ದರೆ ಅವಧಿಯ ನಡುವೆಯೂ ಕೊಡಬಹುದು. ಹಾಗೆ ಮುರಿದಾಗ ದಂಡದ ಬಡ್ಡಿ ಕಡಿತವೂ ಇರುವುದಿಲ್ಲ. ಕೌಂಟರಿನಲ್ಲಿ ಕೇಳಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಪಾಸ್‌ಬುಕ್ಕಿನ ಜೊತೆಗಿಡಿ.

ದೊಡ್ಡ ಮೊತ್ತಕ್ಕೂ ಈದರ್ ಯಾಕೆ ಬೇಡ ಅಂದರೆ, ಅದು ಅಪ್ಪನ ದುಡಿಮೆ. ಅವರಿರುವವರೆಗೆ ಅವರ ಮಾತೇ ನಡೆಯಲಿ. ಹಿರಿಯ ನಾಗರಿಕರ ಹೆಚ್ಚಿನ ಬಡ್ಡಿ ಸಿಗುವುದಕ್ಕೂ ಅವರ ಹೆಸರೇ ಮೊದಲಿರಬೇಕು.

ಇನ್ನು ನಿಮ್ಮ ಅಕ್ಕನ ವಿಷಯ. ಸರ್ವೈವರ್ ಎಂದಿರುವುದರಿಂದ ಹಣವನ್ನು ನಿಮ್ಮ ಕೈಗೆ ಕೊಟ್ಟರೆ ಬ್ಯಾಂಕಿನ ಹೊಣೆ ತೀರಿತು, ಅಷ್ಟೇ. ಹಣ ನಿಮ್ಮ ಸ್ವಂತದ್ದಾಯಿತು ಎಂದಲ್ಲ. ವಾರಸುದಾರರ ಪರವಾಗಿ ಇಟ್ಟುಕೊಂಡಿರುತ್ತೀರಿ. ಅಪ್ಪ ವಿಲ್ ಬರೆಯದೆ ಹೋದರೆ ಆ ಹಣದಲ್ಲಿ ಅಕ್ಕನಿಗೂ ಪಾಲಿದೆ, ಅಮ್ಮ ಇದ್ದರೆ ಅವರಿಗೂ. ಯಾರಿಗೆ ಎಷ್ಟು ಎಂಬುದು ಅಪ್ಪನ ಮನಸ್ಸಿನಲ್ಲಿದ್ದರೆ ಅದನ್ನು ವಿಲ್‌ನಲ್ಲಿ ಬರೆಯಲಿ. ಬ್ಯಾಂಕಿನ ಅರ್ಜಿಯ ಆ ಚೌಕದಲ್ಲಿ ಹಾಕುವ ಗುರುತು ಪಾಲನ್ನು ನಿರ್ಧರಿಸುವುದಿಲ್ಲ.