ಇಂಟರ್‌ವ್ಯೂ ದಿನ ಬಸ್ ನಿಂತುಬಿಟ್ಟರೆ

"ಎಂ.ಜಿ. ರಸ್ತೆಯಲ್ಲಿ 11ಕ್ಕೆ ಇಂಟರ್‌ವ್ಯೂ. ತುಮಕೂರಿಂದ ಬರೋ ಬಸ್ಸು ನೆಲಮಂಗಲದ ಹತ್ರ ನಿಂತಿದೆ. ಎಚ್‌ಆರ್‌ಗೆ ಏನಂತ ಮೆಸೇಜ್ ಹಾಕಲಿ?"

ಈಗಲೇ ಕಳಿಸಿ, 11 ಆಗುವವರೆಗೆ ಕಾಯಬೇಡಿ. ಇಷ್ಟು ಸಾಕು:

"ನಮಸ್ಕಾರ ಮೇಡಂ. ನಾನು (ಹೆಸರು), ಅಕೌಂಟೆಂಟ್ ಕೆಲಸಕ್ಕೆ 11ರ ಇಂಟರ್‌ವ್ಯೂ. ನೆಲಮಂಗಲದ ಟ್ರಾಫಿಕ್‌ನಲ್ಲಿ ಬಸ್ ಸಿಕ್ಕಿಕೊಂಡಿದೆ. 11:40ಕ್ಕೆ ತಲುಪುತ್ತೇನೆ. ಆಗ ಆಗುತ್ತದೆಯೇ, ಇಲ್ಲವಾದರೆ ಬೇರೆ ಸಮಯ ಕೊಡುತ್ತೀರಾ? ಕ್ಷಮಿಸಿ."

ಹೆಸರು, ಹುದ್ದೆ ಬಿಡಬೇಡಿ. ಅವರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರುವುದಿಲ್ಲ, ಅಲ್ವಾ? ಮ್ಯಾಪ್ 11:20 ತೋರಿಸಿದರೂ 11:40 ಅಂತಲೇ ಹೇಳಿ. ಮತ್ತೊಮ್ಮೆ "ಇನ್ನೂ ತಡ" ಅನ್ನುವುದು ಜಾಸ್ತಿ ಮುಜುಗರ. ಟ್ರಾಫಿಕ್ ಫೋಟೋ ಸುಮ್ನೆ ಬೇಡ, ಕೇಳಿದರೆ ಕಳಿಸಿ. ಹತ್ತು ನಿಮಿಷದಲ್ಲಿ ಉತ್ತರ ಬರದಿದ್ದರೆ ಫೋನ್ ಮಾಡಿ. ಬಸ್ ಹೊರಟರೆ ನಾಗಸಂದ್ರದಲ್ಲಿ ಇಳಿದು ಮೆಟ್ರೋ ಹಿಡಿಯಿರಿ, ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು.