ಮರಣಪೂರ್ವ ಹೇಳಿಕೆ, ವೈದ್ಯರ ಪ್ರಮಾಣಪತ್ರ ಮತ್ತು ತಜ್ಞರ ಅಭಿಪ್ರಾಯ

ಪ್ರಶ್ನೆ: ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಓದುತ್ತಿದ್ದೇನೆ. ಮರಣಪೂರ್ವ ಹೇಳಿಕೆ ಮತ್ತು ತಜ್ಞರ ಅಭಿಪ್ರಾಯದ ಮೇಲಿನ ಬಹು ಆಯ್ಕೆ ಪ್ರಶ್ನೆಗಳಲ್ಲಿ ಕೊನೆಗೆ ಎರಡು ಉತ್ತರ ಉಳಿಯುತ್ತವೆ, ಅಲ್ಲಿ ತಪ್ಪುತ್ತೇನೆ. ವೈದ್ಯರ ಸರ್ಟಿಫಿಕೇಟ್ ಇಲ್ಲದಿದ್ದರೆ ಹೇಳಿಕೆ ಬಿದ್ದುಹೋಗುತ್ತದೆಯೇ? ವೈದ್ಯರು ಬೇರೆ ರೀತಿ ಹೇಳಿದರೆ ಯಾವುದನ್ನು ನಂಬಬೇಕು?

ಉತ್ತರ: ಇಲ್ಲ, ಪ್ರಮಾಣಪತ್ರ ಇಲ್ಲವೆಂಬ ಒಂದೇ ಕಾರಣಕ್ಕೆ ಹೇಳಿಕೆ ಬಿದ್ದುಹೋಗುವುದಿಲ್ಲ. ವೈದ್ಯರ ಅಭಿಪ್ರಾಯ ನ್ಯಾಯಾಲಯವನ್ನು ಕಟ್ಟಿಹಾಕುವುದೂ ಇಲ್ಲ. ಆದರೆ ಈ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿದರೆ ಮುಂದಿನ ಪ್ರಶ್ನೆಯಲ್ಲಿ ಮತ್ತೆ ತಪ್ಪುವ ಸಂಭವವಿದೆ. ನಾನು ವಿಚಾರಣಾ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತೇನೆ, ಪರೀಕ್ಷೆಗೆ ಕೂರುವ ಕಿರಿಯರೊಂದಿಗೆ ಈ ವಿಷಯವನ್ನು ಆಗಾಗ ಚರ್ಚಿಸುತ್ತೇನೆ. ನನಗೆ ಕಂಡಂತೆ ಗೊಂದಲದ ಮೂಲ ಒಂದೇ: ಹೇಳಿಕೆಯನ್ನು ಸಾಕ್ಷ್ಯವಾಗಿ ಒಳಗೆ ಬಿಟ್ಟುಕೊಳ್ಳಬಹುದೇ ಎಂಬುದು ಒಂದು ಪ್ರಶ್ನೆ, ಒಳಗೆ ಬಂದ ಮೇಲೆ ಅದನ್ನು ಎಷ್ಟು ನಂಬಬೇಕು ಎಂಬುದು ಇನ್ನೊಂದು ಪ್ರಶ್ನೆ. ತಪ್ಪು ಆಯ್ಕೆಗಳು ಬಹುಪಾಲು ಎರಡನೆಯದರ ಷರತ್ತನ್ನು ಮೊದಲನೆಯದರ ಷರತ್ತಾಗಿ ಬರೆದು ಹುಟ್ಟಿಕೊಂಡಿರುತ್ತವೆ.

ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುವುದು ಕಾನೂನಿನ ಪಠ್ಯ. 1872ರ ಸಾಕ್ಷ್ಯ ಅಧಿನಿಯಮದ 32(1)ನೆಯ ಕಲಂನಲ್ಲಿ ಇದ್ದದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 26ನೆಯ ಕಲಂನ (ಎ) ಖಂಡದಲ್ಲಿ ಇದೆ. ಹೇಳಿಕೆ ಕೊಟ್ಟವರು ಸತ್ತಿರಬೇಕು. ಹೇಳಿಕೆಯು ಅವರ ಸಾವಿನ ಕಾರಣಕ್ಕೆ, ಇಲ್ಲವೇ ಸಾವಿನಲ್ಲಿ ಕೊನೆಗೊಂಡ ಘಟನಾವಳಿಯ ಸಂದರ್ಭಗಳಿಗೆ ಸಂಬಂಧಿಸಿರಬೇಕು. ಆ ಸಾವಿನ ಕಾರಣವೇ ಪ್ರಕರಣದಲ್ಲಿ ಪ್ರಶ್ನೆಯಾಗಿರಬೇಕು. ಪಠ್ಯ ಕೇಳುವುದು ಇಷ್ಟನ್ನೇ. ವೈದ್ಯರು, ಮ್ಯಾಜಿಸ್ಟ್ರೇಟ್, ನಿಗದಿತ ನಮೂನೆ, ಸಾಕ್ಷಿಗಳ ಸಹಿ ಇವುಗಳಲ್ಲಿ ಒಂದರ ಹೆಸರೂ ಅಲ್ಲಿಲ್ಲ. ಸಾಯುತ್ತೇನೆಂಬ ನಿರೀಕ್ಷೆ ಹೇಳುವವರಿಗೆ ಇರಬೇಕೆಂಬ ಇಂಗ್ಲಿಷ್ ಕಾನೂನಿನ ನಿಯಮವನ್ನು ನಮ್ಮ ಪಠ್ಯ ನೇರವಾಗಿಯೇ ಕೈಬಿಟ್ಟಿದೆ.

ಪಾಕಲ ನಾರಾಯಣ ಸ್ವಾಮಿ ಪ್ರಕರಣವನ್ನು (ಪ್ರಿವಿ ಕೌನ್ಸಿಲ್, 1939) ಇದಕ್ಕಾಗಿಯೇ ಓದಬೇಕು. ಆರೋಪಿಯಿಂದ ಹಣ ಬರಬೇಕಿದ್ದ ವ್ಯಕ್ತಿಯೊಬ್ಬರು ಅದನ್ನು ಪಡೆಯಲು ಬರ್ಹಂಪುರಕ್ಕೆ ಹೋಗುತ್ತಿರುವುದಾಗಿ ಹೆಂಡತಿಗೆ ಹೇಳಿ ಮನೆಯಿಂದ ಹೊರಟರು. ಎರಡು ದಿನಗಳ ನಂತರ ಅವರ ಶವ ಪುರಿಯಲ್ಲಿ ರೈಲಿನ ಡಬ್ಬಿಯೊಳಗೆ ಟ್ರಂಕಿನಲ್ಲಿ ಸಿಕ್ಕಿತು. ಹೊರಡುವಾಗ ಆಡಿದ ಆ ಮಾತಿನಲ್ಲಿ ಸಾವಿನ ಸುಳಿವೇ ಇರಲಿಲ್ಲ. ಆದರೂ ಅದು ಸಾವಿನಲ್ಲಿ ಮುಗಿದ ಘಟನಾವಳಿಯ ಒಂದು ಸಂದರ್ಭವೆಂದು ಗ್ರಾಹ್ಯವಾಯಿತು. ಮಾತಿಗೂ ಸಾವಿಗೂ ಹತ್ತಿರದ ನಂಟು ಇರಬೇಕೆಂಬ ಮಿತಿಯನ್ನೂ ಇದೇ ತೀರ್ಪು ಹಾಕಿತು. ದೂರದ ಶಂಕೆ, ಸಾಮಾನ್ಯ ಭೀತಿ ಇವು ಸಾಲುವುದಿಲ್ಲ.

ಎರಡನೆಯ ಪ್ರಶ್ನೆಯಲ್ಲಿ ಮಾತ್ರ ವಿಶ್ವಾಸಾರ್ಹತೆಯ ಷರತ್ತುಗಳು ಬರುತ್ತವೆ. ಸತ್ತವರಿಗೆ ಪ್ರಮಾಣ ಬೋಧಿಸಿರುವುದಿಲ್ಲ, ಅವರಿಗೆ ಪಾಟೀಸವಾಲು ಹಾಕಲು ಆರೋಪಿಗೆ ಅವಕಾಶ ಸಿಗುವುದಿಲ್ಲ. ಆ ಕೊರತೆಯನ್ನು ತುಂಬಲು ನ್ಯಾಯಾಲಯ ಮೂರು ವಿಷಯಗಳಲ್ಲಿ ತೃಪ್ತಿ ಹೊಂದಬೇಕಾಗುತ್ತದೆ: ಹೇಳುವಾಗ ಆ ವ್ಯಕ್ತಿಯ ಮನಸ್ಸು ಸ್ವಸ್ಥವಾಗಿತ್ತೇ, ಮಾತು ಅವರದೇ ಇಚ್ಛೆಯಿಂದ ಬಂತೇ ಅಥವಾ ಯಾರಾದರೂ ಹೇಳಿಕೊಟ್ಟದ್ದೇ, ಮಾತು ಸತ್ಯವೇ. ಈ ತೃಪ್ತಿ ದೊರೆತರೆ ಬೇರೆ ಸಾಕ್ಷ್ಯದ ಬೆಂಬಲವಿಲ್ಲದೆಯೂ ಶಿಕ್ಷೆ ವಿಧಿಸಬಹುದೆಂದು ಸುಪ್ರೀಂ ಕೋರ್ಟ್ 1957ರಲ್ಲಿ ಕುಶಾಲ್ ರಾವ್ ಪ್ರಕರಣದಲ್ಲಿ ಹೇಳಿತು. ತೃಪ್ತಿ ಸಿಗದೆ ಅನುಮಾನ ಉಳಿದರೆ ಬೆಂಬಲ ಹುಡುಕಬೇಕಾಗುತ್ತದೆ. ಆದ್ದರಿಂದ “ಬೆಂಬಲ ಸಾಕ್ಷ್ಯ ಕಡ್ಡಾಯ” ಎನ್ನುವ ಆಯ್ಕೆಯೂ ತಪ್ಪು, “ಬೆಂಬಲ ಎಂದಿಗೂ ಬೇಕಿಲ್ಲ” ಎನ್ನುವ ಆಯ್ಕೆಯೂ ತಪ್ಪು.

ಈಗ ಒಂದು ಕಲ್ಪಿತ ಪ್ರಕರಣವನ್ನು ಬಿಡಿಸೋಣ. ಸುಟ್ಟಗಾಯಗಳಾದ ಮಹಿಳೆಯೊಬ್ಬರನ್ನು ರಾತ್ರಿ ಜಿಲ್ಲಾ ಆಸ್ಪತ್ರೆಗೆ ತರುತ್ತಾರೆ. ತಹಶೀಲ್ದಾರರು ತಾಲೂಕು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾಗಿ ಬರುತ್ತಾರೆ. ಕರ್ತವ್ಯದಲ್ಲಿದ್ದ ವೈದ್ಯರು ಕಾಗದದ ಮೇಲ್ಭಾಗದಲ್ಲಿ “ರೋಗಿ ಪ್ರಜ್ಞೆಯಲ್ಲಿದ್ದಾರೆ” ಎಂದಷ್ಟೇ ಬರೆದು ಸಹಿ ಹಾಕುತ್ತಾರೆ. ತಹಶೀಲ್ದಾರರು ಸಂಬಂಧಿಕರನ್ನು ಹೊರಗೆ ಕಳುಹಿಸಿ, ಮಹಿಳೆಯ ಹೆಸರು, ಊರು, ತಾನು ಎಲ್ಲಿದ್ದೇನೆಂಬ ಅರಿವು ಇವುಗಳನ್ನು ಕೇಳಿ, ನಂತರ ಘಟನೆಯನ್ನು ವಿಚಾರಿಸುತ್ತಾರೆ. ಗಂಡ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದನೆಂದು ಆಕೆ ಹೇಳುತ್ತಾರೆ. ಮೂರನೆಯ ದಿನ ಸಾಯುತ್ತಾರೆ. ವಿಚಾರಣೆಯಲ್ಲಿ, ಶವಪರೀಕ್ಷೆ ಮಾಡಿದ ವೈದ್ಯರು ಶೇ. 85ರಷ್ಟು ಸುಟ್ಟಗಾಯವಿದ್ದವರು ಅಷ್ಟು ಮಾತಾಡಿರುವುದು ಅಸಂಭವ ಎನ್ನುತ್ತಾರೆ. ಆಯ್ಕೆಗಳು ಹೀಗಿವೆ ಎಂದುಕೊಳ್ಳಿ: ಮನಸ್ಸು ಸ್ವಸ್ಥವಾಗಿತ್ತೆಂಬ ಪ್ರಮಾಣಪತ್ರವಿಲ್ಲದ್ದರಿಂದ ಹೇಳಿಕೆ ಅಗ್ರಾಹ್ಯ, ತಜ್ಞರ ಅಭಿಪ್ರಾಯ ವಿರುದ್ಧವಾಗಿರುವುದರಿಂದ ಆರೋಪಿ ಖುಲಾಸೆಯಾಗಲೇಬೇಕು, ಹೇಳಿಕೆ ಗ್ರಾಹ್ಯವಾದರೂ ಬೆಂಬಲವಿಲ್ಲದೆ ಶಿಕ್ಷೆ ಸಾಧ್ಯವಿಲ್ಲ, ಹೇಳಿಕೆ ಸ್ವಇಚ್ಛೆಯದು ಮತ್ತು ಸತ್ಯವೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಅದರ ಮೇಲೆ ಶಿಕ್ಷೆ ವಿಧಿಸಬಹುದು.

ಮೊದಲನೆಯ ಆಯ್ಕೆ ಒಂದು ಕಾಲದಲ್ಲಿ ಸರಿಯಾದ ಉತ್ತರದಂತೆಯೇ ಕಾಣುತ್ತಿತ್ತು. 1999ರಲ್ಲಿ ಪಾಪರಂಬಕ ರೋಸಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಜ್ಞೆಯಲ್ಲಿರುವುದೂ ಮನಸ್ಸು ಸ್ವಸ್ಥವಾಗಿರುವುದೂ ಬೇರೆ ಬೇರೆ ಎಂದು ಹೇಳಿ, ಎರಡನೆಯದನ್ನು ವೈದ್ಯರು ದೃಢಪಡಿಸದ ಹೇಳಿಕೆಯನ್ನು ಒಪ್ಪಲಿಲ್ಲ. ಅದೇ ವರ್ಷ ಕೋಲಿ ಚುನಿಲಾಲ್ ಸಾವ್ಜಿ ಪ್ರಕರಣದಲ್ಲಿ ಮತ್ತೊಂದು ಪೀಠ ಬೇರೆ ನಿಲುವು ತಳೆಯಿತು. ಈ ಭಿನ್ನತೆಯನ್ನು 2002ರಲ್ಲಿ ಲಕ್ಷ್ಮಣ್ ವಿರುದ್ಧ ಮಹಾರಾಷ್ಟ್ರ ರಾಜ್ಯ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಮಾನಿಸಿತು: ವೈದ್ಯರ ಪ್ರಮಾಣಪತ್ರವು ಎಚ್ಚರಿಕೆಯ ನಿಯಮ ಮಾತ್ರ, ಹೇಳಿಕೆ ಬರೆದುಕೊಂಡವರ ಸಾಕ್ಷ್ಯದಿಂದಲೇ ಮನಸ್ಸಿನ ಸ್ವಸ್ಥತೆ ರುಜುವಾತಾದರೆ ಸಾಕು. ರೋಸಮ್ಮ ತೀರ್ಪಿನ ನಿಲುವು ಸರಿಯಲ್ಲವೆಂದೂ ಪೀಠ ಹೇಳಿತು. ಹಳೆಯ ಮಾರ್ಗದರ್ಶಿಗಳಲ್ಲಿ ರೋಸಮ್ಮ ತೀರ್ಪು ಮಾತ್ರ ಇದ್ದರೆ ಅಲ್ಲಿನ ಉತ್ತರವನ್ನು ನಂಬಬೇಡಿ.

ಪ್ರಮಾಣಪತ್ರವನ್ನು ಎಚ್ಚರಿಕೆಯ ನಿಯಮವೆಂದದ್ದರಿಂದ ಎಚ್ಚರಿಕೆಯೇ ಬೇಡವೆಂದಾಗಲಿಲ್ಲ, ಮತ್ತು ಪ್ರಶ್ನೆ ರಚಿಸುವವರು ಸಂಗತಿಗಳನ್ನು ಬದಲಿಸುವುದು ಇಲ್ಲಿಯೇ. ನಮ್ಮ ತಹಶೀಲ್ದಾರರು ಪ್ರಾಥಮಿಕ ಪ್ರಶ್ನೆಗಳನ್ನೇ ಕೇಳದೆ ನೇರವಾಗಿ ಬರೆದುಕೊಂಡಿದ್ದರೆ, ವೈದ್ಯರ ಮಾತೂ ಇಲ್ಲದಿದ್ದರೆ, ಸ್ವಸ್ಥತೆಗೆ ಆಧಾರವೇ ಉಳಿಯುವುದಿಲ್ಲ. ಆಗ ಹೇಳಿಕೆ ಗ್ರಾಹ್ಯವಾಗಿಯೇ ಇದ್ದು ತೂಕ ಕಳೆದುಕೊಳ್ಳುತ್ತದೆ. ತಾಯಿ ಹಾಸಿಗೆಯ ಪಕ್ಕ ಕುಳಿತು “ಅವನೇ ಅಲ್ಲವೇನಮ್ಮ” ಎಂದು ಕೇಳಿದ ಮೇಲೆ ಮಗಳು ತಲೆಯಾಡಿಸಿದ್ದರೆ, ಆಕ್ಷೇಪ ಇರುವುದು ಸನ್ನೆಗಲ್ಲ, ಹೇಳಿಕೊಟ್ಟದ್ದಕ್ಕೆ. ಗಂಟಲು ಸೀಳಿದ್ದ ಯುವತಿ ಪ್ರಶ್ನೆಗಳಿಗೆ ಕೈಸನ್ನೆಯಿಂದ ಕೊಟ್ಟ ಉತ್ತರವನ್ನು 1885ರಲ್ಲಿಯೇ ಅಲಹಾಬಾದ್ ಹೈಕೋರ್ಟು ಅಬ್ದುಲ್ಲಾ ಪ್ರಕರಣದಲ್ಲಿ ಒಪ್ಪಿತ್ತು. ಹೆಬ್ಬೆರಳ ಗುರುತಿನ ವಿಷಯವೂ ಹಾಗೆಯೇ: ಎರಡೂ ಕೈ ಸುಟ್ಟಿವೆಯೆಂದು ದಾಖಲೆ ಹೇಳುವಾಗ ಕಾಗದದ ಮೇಲೆ ಗೆರೆಗೆರೆಯಾಗಿ ಸ್ಪಷ್ಟ ಗುರುತು ಇದ್ದರೆ, ಬೆರಳ ತುದಿ ಉಳಿದಿತ್ತೇ ಎಂಬುದನ್ನು ಅಭಿಯೋಜನೆ ವಿವರಿಸಬೇಕಾಗುತ್ತದೆ.

ಬದಲಾವಣೆಗಳಲ್ಲಿ ಅತಿ ಕಷ್ಟದ್ದು ಎರಡು ಹೇಳಿಕೆಗಳಿರುವ ಸಂಗತಿ. ಆಸ್ಪತ್ರೆಗೆ ಬಂದ ಕೂಡಲೇ “ಸ್ಟೌ ಸಿಡಿದು ಸುಟ್ಟಿತು” ಎಂದು ಆಕೆ ಹೇಳಿದ್ದನ್ನು ವೈದ್ಯರು ನೋಂದಣಿ ಪುಸ್ತಕದಲ್ಲಿ ಬರೆದಿದ್ದಾರೆ ಎಂದುಕೊಳ್ಳಿ. ಮೊದಲನೆಯದೇ ನಿಜ ಎನ್ನುವ ನಿಯಮವಿಲ್ಲ, ಮ್ಯಾಜಿಸ್ಟ್ರೇಟ್ ಬರೆದದ್ದೇ ಯಾವಾಗಲೂ ಮೇಲು ಎನ್ನುವ ನಿಯಮವೂ ಇಲ್ಲ. ಮೊದಲ ಮಾತು ಆಡುವಾಗ ಗಂಡ ಪಕ್ಕದಲ್ಲಿದ್ದನೇ, ಎರಡನೆಯದಕ್ಕೆ ಮುನ್ನ ತವರಿನವರು ಬಂದಿದ್ದರೇ, ಮನೆಯಲ್ಲಿ ಸಿಡಿದ ಸ್ಟೌ ಸಿಕ್ಕಿತೇ, ಬಟ್ಟೆಯ ಚೂರುಗಳಲ್ಲಿ ಸೀಮೆಎಣ್ಣೆಯ ಅಂಶವಿತ್ತೇ ಎಂದು ನ್ಯಾಯಾಲಯ ಪ್ರತಿಯೊಂದನ್ನೂ ಅಳೆಯುತ್ತದೆ. ಕುಶಾಲ್ ರಾವ್ ಪ್ರಕರಣದಲ್ಲಿ ಗಾಯಾಳು ವೈದ್ಯರಿಗೆ, ಪೊಲೀಸ್ ಅಧಿಕಾರಿಗೆ, ಮ್ಯಾಜಿಸ್ಟ್ರೇಟರಿಗೆ ಸ್ವಲ್ಪ ಸ್ವಲ್ಪ ಹೊತ್ತಿನಲ್ಲೇ ಹೇಳಿದ ಮಾತುಗಳು ಮುಖ್ಯ ಅಂಶದಲ್ಲಿ ಹೊಂದಿಕೊಂಡಿದ್ದೇ ಅವುಗಳಿಗೆ ಬಲ ಕೊಟ್ಟಿತು.

ಇನ್ನು ಎರಡನೆಯ ಆಯ್ಕೆ, ಅಂದರೆ ತಜ್ಞರ ಅಭಿಪ್ರಾಯ. ಹಳೆಯ 45ನೆಯ ಕಲಂ ಈಗ 39ನೆಯದು. ವಿದೇಶಿ ಕಾನೂನು, ವಿಜ್ಞಾನ, ಕಲೆ, ಕೈಬರಹ, ಬೆರಳಚ್ಚುಗಳ ಜೊತೆಗೆ “ಇತರ ಯಾವುದೇ ಕ್ಷೇತ್ರ” ಎಂಬ ಮಾತು ಹೊಸದಾಗಿ ಸೇರಿದೆ. ತಜ್ಞರು ಹೇಳುವುದು ಸಲಹೆಯ ಸ್ವರೂಪದ್ದು. ತಮ್ಮ ತೀರ್ಮಾನವನ್ನು ನ್ಯಾಯಾಧೀಶರೇ ಪರೀಕ್ಷಿಸಿ ನೋಡಲು ಬೇಕಾದ ಆಧಾರ ಮತ್ತು ಮಾನದಂಡಗಳನ್ನು ಅವರು ಒದಗಿಸಬೇಕೆಂದು 1999ರ ಹಿಮಾಚಲ ಪ್ರದೇಶ ರಾಜ್ಯ ವಿರುದ್ಧ ಜೈ ಲಾಲ್ ತೀರ್ಪು ಹೇಳುತ್ತದೆ. ಕಾರಣಗಳಿಲ್ಲದ ಬರಿಯ ತೀರ್ಮಾನಕ್ಕೆ ತೂಕ ಕಡಿಮೆ. ಹೊಸ ಅಧಿನಿಯಮದ 45ನೆಯ ಕಲಂ ಕಾರಣಗಳನ್ನೂ ಸುಸಂಗತವೆನ್ನುವುದು ಇದಕ್ಕೇ.

ಈ ಅಳತೆಯನ್ನು ನಮ್ಮ ಶವಪರೀಕ್ಷೆಯ ವೈದ್ಯರಿಗೆ ಹಚ್ಚಿ ನೋಡಿ. ಆಕೆ ಜೀವಂತವಿದ್ದಾಗ ಅವರು ನೋಡಿಲ್ಲ. ಶೇಕಡಾವಾರು ಅಂಕಿಯಿಂದ ಹಿಂದಕ್ಕೆ ಊಹಿಸುತ್ತಿದ್ದಾರೆ. ಸುಟ್ಟ ಪ್ರಮಾಣವೊಂದೇ ಮಾತಾಡುವ ಶಕ್ತಿಯನ್ನು ನಿರ್ಣಯಿಸುವುದಿಲ್ಲವೆಂದು ಸುಪ್ರೀಂ ಕೋರ್ಟ್ 2003ರಲ್ಲಿ ಪಿ.ವಿ. ರಾಧಾಕೃಷ್ಣ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಹೇಳಿದೆ. ಗಾಯದ ಸ್ವರೂಪ, ಸುಟ್ಟ ಅಂಗ, ಯೋಚಿಸುವ ಮತ್ತು ತಿಳಿಸುವ ಶಕ್ತಿಯ ಮೇಲಾದ ಪರಿಣಾಮ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಕಣ್ಣೆದುರು ಮಾತು ಕೇಳಿದ ತಹಶೀಲ್ದಾರರ ಸಾಕ್ಷ್ಯ ನಂಬಲರ್ಹವಾಗಿದ್ದರೆ ಆ ಊಹೆ ಅದನ್ನು ಅಳಿಸಲಾರದು. ಆದರೆ ಚಿಕಿತ್ಸೆ ನೀಡಿದ ವೈದ್ಯರು ಬಂದು, ಹೇಳಿಕೆಯ ಹೊತ್ತಿಗೆ ತಾವೇ ಬಲವಾದ ನಿದ್ರಾಜನಕ ಚುಚ್ಚಿದ್ದಾಗಿಯೂ ರೋಗಿ ಸ್ಪಂದಿಸುತ್ತಿರಲಿಲ್ಲವೆಂದೂ ಚಿಕಿತ್ಸಾ ಹಾಳೆ ತೋರಿಸಿ ಹೇಳಿದರೆ, ಅವರು ಬರಿಯ ತಜ್ಞರಲ್ಲ, ಕಂಡದ್ದನ್ನು ಹೇಳುವ ಸಾಕ್ಷಿಯೂ ಹೌದು. ಆಗ ಹೇಳಿಕೆ ಉಳಿಯುವುದು ಕಷ್ಟ. “ತಜ್ಞರ ಅಭಿಪ್ರಾಯ” ಎಂಬ ಪದ ಕಂಡಾಗ, ಆ ತಜ್ಞರು ನೋಡಿ ಹೇಳುತ್ತಿದ್ದಾರೋ ತರ್ಕಿಸಿ ಹೇಳುತ್ತಿದ್ದಾರೋ ಎಂದು ಮೊದಲು ನೋಡಿ. ಹೀಗಾಗಿ ಮೂಲ ಸಂಗತಿಗಳ ಮೇಲೆ ನಾಲ್ಕನೆಯ ಆಯ್ಕೆಯೇ ಸರಿ.

ಎರಡೂ ವಿಷಯಗಳನ್ನು ಒಟ್ಟಿಗೆ ಹೆಣೆಯುವ ಇನ್ನೊಂದು ಬಗೆಯ ಪ್ರಶ್ನೆ ಸತ್ತವರು ಬರೆದ ಪತ್ರದ್ದು. ಪತ್ರದ ಒಕ್ಕಣೆ 26ನೆಯ ಕಲಂಗೆ, ಅದು ಯಾರ ಬರಹವೆಂಬುದು 39ಕ್ಕೆ ಸೇರಿದ್ದು. ಕೈಬರಹ ತಜ್ಞರ ಅಭಿಪ್ರಾಯಕ್ಕೆ ಬೆಂಬಲ ಇರಲೇಬೇಕೆಂಬ ಕಟ್ಟುನಿಟ್ಟಾದ ನಿಯಮವಿಲ್ಲ, ಎಚ್ಚರಿಕೆ ಬೇಕು ಎಂದು 1980ರ ಮುರಾರಿ ಲಾಲ್ ತೀರ್ಪು ಹೇಳಿದೆ. ಆಕೆಯ ಬರಹ ಬಲ್ಲ ಅಣ್ಣನೂ 41ನೆಯ ಕಲಂ ಪ್ರಕಾರ ಗುರುತಿಸಬಹುದು. ತಜ್ಞರು ಬರಹವನ್ನು ಆಕೆಯದೆಂದ ಮಾತ್ರಕ್ಕೆ ಒಕ್ಕಣೆ ಸತ್ಯವಾಗುವುದಿಲ್ಲ. ಅದನ್ನು ಬೇರೆಯಾಗಿಯೇ ಅಳೆಯಬೇಕು.

ಕೊನೆಯದಾಗಿ, ಹೇಳಿಕೆ ಕೊಟ್ಟವರು ಬದುಕುಳಿದರೆ 26ನೆಯ ಕಲಂ ಅನ್ವಯಿಸುವುದೇ ಇಲ್ಲ. ಅವರೇ ಬಂದು ಸಾಕ್ಷಿ ನುಡಿಯಬೇಕು. ಹಿಂದಿನ ಹೇಳಿಕೆಯನ್ನು 160ನೆಯ ಕಲಂ ಪ್ರಕಾರ ಅವರ ಮಾತಿಗೆ ಬೆಂಬಲವಾಗಿ, ಇಲ್ಲವೇ 148ನೆಯ ಕಲಂ ಪ್ರಕಾರ ಅವರ ಮಾತಿನ ವಿರೋಧ ತೋರಿಸಲು ಮಾತ್ರ ಬಳಸಬಹುದು.